ಹಡಗಿನ ಟ್ರಂಕಿನ ವಯಸ್ಸು ಕಂಡುಹಿಡಿಯುವುದು: ‘ಆಧಾರಗಳು’ ಪಾಠಕ್ಕೆ ಇಜೇರಿಯಲ್ಲಿ ಮಾಡಿದ ಒಂದು ಚಟುವಟಿಕೆ

ತರಗತಿ: 8. ವಿಷಯ: ಸಮಾಜ ವಿಜ್ಞಾನ, ಇತಿಹಾಸ. ಘಟಕ: ಆಧಾರಗಳು. ಅವಧಿ: ಎರಡು ತರಗತಿಗಳು ಮತ್ತು ಒಂದು ಮನೆಭೇಟಿ. ಸ್ಥಳ: ಜೇವರ್ಗಿ ತಾಲ್ಲೂಕಿನ ಇಜೇರಿ.

ಶಾಲಾ ಅನುಭವ ಕಾರ್ಯಕ್ರಮದಲ್ಲಿ ನನಗೆ ಎಂಟನೆಯ ತರಗತಿಯ ‘ಆಧಾರಗಳು’ ಘಟಕ ಬಂದಿತ್ತು. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಮೌಖಿಕ ಆಧಾರ ಎಂಬ ವಿಂಗಡಣೆಯನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಒಂದು ಆಧಾರವನ್ನು ಕೈಗೆ ಕೊಟ್ಟು ‘ಇದು ಯಾವ ಕಾಲದ್ದು, ಹೇಗೆ ಹೇಳುತ್ತೀರಿ?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಶಾಸನ, ನಾಣ್ಯಗಳನ್ನು ನಾವು ತರಗತಿಗೆ ತರಲಾರೆವು. ಹೀಗಾಗಿ ಮನೆಯಲ್ಲಿ ಇರುವ ಹಳೆಯ ಪೆಟ್ಟಿಗೆ, ಟ್ರಂಕು, ಸಂದೂಕಗಳನ್ನು ನೋಡಿ ಬರಲು ಮಕ್ಕಳಿಗೆ ಹೇಳಿದೆ. ಹೆಚ್ಚಿನವು ತಗಡಿನ ಟ್ರಂಕುಗಳೇ ಆಗಿದ್ದವು. ಒಬ್ಬ ವಿದ್ಯಾರ್ಥಿ ಮಾತ್ರ ತನ್ನ ಮನೆಯಲ್ಲಿ ಕಟ್ಟಿಗೆಯ ಪಟ್ಟಿ ಹೊಡೆದ, ಕ್ಯಾನ್‌ವಾಸ್ ಹೊದಿಸಿದ ಟ್ರಂಕು ಇದೆ ಎಂದೂ, ಅದನ್ನು ‘ನಿಜಾಮನ ಕಾಲದಾಗ’ ಅವನ ಮುತ್ಯಾನ ತಂದೆ ಹಜ್ ಯಾತ್ರೆಗೆ ಒಯ್ದಿದ್ದರೆಂದೂ ಹೇಳಿದ. ಮನೆಯವರ ಒಪ್ಪಿಗೆ ಪಡೆದು ಇಡೀ ಚಟುವಟಿಕೆಯನ್ನು ಆ ಒಂದು ಟ್ರಂಕಿನ ಮೇಲೆ ಕಟ್ಟಿದೆ.

ಹಡಗಿನ ಟ್ರಂಕು ಎಂದರೇನು?

ಟ್ರಂಕನ್ನು ಮೊದಲು ಅಳೆಯಿಸಿದೆ. ಉದ್ದ 36 ಇಂಚು, ಅಗಲ 20 ಇಂಚು, ಎತ್ತರ 13 ಇಂಚು. ಇಷ್ಟು ಉದ್ದದ ಪೆಟ್ಟಿಗೆಗೆ ಎತ್ತರ ಏಕೆ ಇಷ್ಟು ಕಡಿಮೆ ಎಂದು ಕೇಳಿದಾಗ ಒಬ್ಬ ಹುಡುಗ ‘ಮಂಚದ ಕೆಳಗ ಇಡಾಕ್ರಿ’ ಎಂದ. ಉತ್ತರ ಬಹುತೇಕ ಸರಿ. ಹಡಗಿನ ಕೋಣೆಯಲ್ಲಿ ಮಲಗುವ ಹಲಗೆಯ ಕೆಳಗೆ ಜಾರಿಸಿಡಲು ಟ್ರಂಕಿನ ಎತ್ತರ ಸುಮಾರು 14 ಇಂಚಿನೊಳಗೆ ಇರಬೇಕಿತ್ತು. ಅದಕ್ಕಿಂತ ಎತ್ತರದವು ಹಡಗಿನ ತಳದ ಸಾಮಾನು ಕೋಣೆಗೆ ಹೋಗುತ್ತಿದ್ದವು. ಮುಚ್ಚಳ ಚಪ್ಪಟೆಯಾಗಿರುವುದು ಒಂದರ ಮೇಲೊಂದು ಪೇರಿಸಲು, ಮೇಲಿನ ಕಟ್ಟಿಗೆಯ ಪಟ್ಟಿಗಳು ಎಳೆದಾಡುವಾಗ ಕ್ಯಾನ್‌ವಾಸ್ ಹರಿಯದಿರಲು, ಮೂಲೆಗಳ ಲೋಹದ ಟೋಪಿಗಳು ಬಿದ್ದಾಗ ಮೂಲೆ ಒಡೆಯದಿರಲು. ಆಕಾರ ಇಷ್ಟನ್ನು ಹೇಳುತ್ತದೆ: ಇದನ್ನು ಹಡಗಿಗಾಗಿ ಮಾಡಿದ್ದು. ಯಾವ ವರ್ಷ ಮಾಡಿದ್ದು ಎಂದು ಹೇಳುವುದಿಲ್ಲ, ಏಕೆಂದರೆ ಈ ಆಕಾರ ಹಲವು ದಶಕ ಬದಲಾಗದೆ ನಡೆಯಿತು.

ಮೊದಲು ಹಾಕಿಕೊಟ್ಟ ಎರಡು ನಿಯಮ

ಪರೀಕ್ಷೆಗೆ ಮೊದಲು ಕಪ್ಪುಹಲಗೆಯ ಮೇಲೆ ಎರಡು ನಿಯಮ ಬರೆದೆ. ಒಂದು: ಟ್ರಂಕಿನ ಮೇಲಿನ ಒಂದು ಗುರುತು ‘ಇದಕ್ಕಿಂತ ಮೊದಲು ಅಲ್ಲ’ ಎಂಬುದನ್ನು ಗಟ್ಟಿಯಾಗಿ ಹೇಳುತ್ತದೆ, ‘ಇದರ ನಂತರ ಅಲ್ಲ’ ಎಂಬುದನ್ನು ಸಡಿಲವಾಗಿ ಮಾತ್ರ ಹೇಳುತ್ತದೆ. ಮೊಬೈಲ್ ನಂಬರ್ ಬರೆದ ಅಂಗಡಿ ಬೋರ್ಡು ಮೊಬೈಲ್ ಬರುವ ಮೊದಲಿನದಾಗಿರಲು ಸಾಧ್ಯವೇ ಇಲ್ಲ. ಆದರೆ ಮೊಬೈಲ್ ನಂಬರ್ ಇಲ್ಲದ ಬೋರ್ಡನ್ನು ಇಂದು ಬೆಳಿಗ್ಗೆಯೂ ಬರೆಸಿರಬಹುದು. ಎರಡು: ಮೇಲಿನ ಪದರ ಹೊಸದು, ಕೆಳಗಿನ ಪದರ ಹಳೆಯದು. ಮನೆಯ ಗೋಡೆಯ ಸುಣ್ಣ ಉದುರಿದಲ್ಲಿ ಇದನ್ನು ಮಕ್ಕಳು ಕಂಡಿದ್ದಾರೆ.

ಟ್ರಂಕಿನಲ್ಲಿ ಇನ್ನೊಂದು ತೊಡಕು ಇದೆ. ಅದು ಒಂದೇ ದಿನ ಹುಟ್ಟಿ ಹಾಗೇ ಉಳಿದ ವಸ್ತುವಲ್ಲ. ಬೀಗ ಬದಲಾಗಿರುತ್ತದೆ, ಬಣ್ಣ ಬಳಿದಿರುತ್ತಾರೆ, ಒಳಗಿನ ಕಾಗದ ಹೊಸದಾಗಿ ಅಂಟಿಸಿರುತ್ತಾರೆ. ಹೀಗಾಗಿ ‘ಟ್ರಂಕಿನ ವಯಸ್ಸು ಎಷ್ಟು?’ ಎಂಬ ಒಂದೇ ಪ್ರಶ್ನೆಯ ಬದಲು ಪ್ರತಿ ಭಾಗಕ್ಕೂ ಮೂರು ಪ್ರಶ್ನೆ ಕೇಳಬೇಕೆಂದು ತಿಳಿಸಿದೆ. ಇದು ಯಾವಾಗಿನದು? ಇದು ಮೊದಲಿಂದಲೂ ಇಲ್ಲಿತ್ತೇ? ಇಲ್ಲದಿದ್ದರೆ ಹೇಗೆ ಗೊತ್ತಾಯಿತು?

ಮನೆಭೇಟಿಗೆ ಒಯ್ದ ಸಾಮಾನು ಇಷ್ಟೇ: ಅಳತೆ ಟೇಪು, ಒಂದು ಅಯಸ್ಕಾಂತ, ಒಂದು ಟಾರ್ಚು, ಭೂತಗನ್ನಡಿ ಮತ್ತು ಫೋಟೋಗಾಗಿ ನನ್ನ ಮೊಬೈಲು. ನೀರು, ಬ್ರಷ್, ಚಾಕು ಒಯ್ಯಲಿಲ್ಲ. ಲೇಬಲ್ಲಿಗೆ ನೀರು ತಾಗಿದರೆ ಶಾಯಿ ಹರಡುತ್ತದೆ, ಕೆರೆದರೆ ಪದರವೇ ಹೋಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ, ಅದರ ಪುಡಿ ಮಕ್ಕಳ ಬಾಯಿಗೆ ಹೋಗಬಾರದು. ನೋಡಬಹುದು, ಬೆಳಕು ಹಿಡಿಯಬಹುದು, ಕೆರೆಯಬಾರದು ಎಂಬುದು ಷರತ್ತು.

ಒಂದನೆಯ ಗುಂಪು: ಲೋಹದ ಭಾಗಗಳು

ಮೂಲೆಯ ಟೋಪಿಗಳು ಹಿತ್ತಾಳೆಯಂತೆ ಕಾಣುತ್ತಿದ್ದವು. ಅಯಸ್ಕಾಂತ ಹಿಡಿದಾಗ ಅಂಟಿಕೊಂಡಿತು, ಅಂದರೆ ಒಳಗೆ ಕಬ್ಬಿಣದ ತಗಡು, ಮೇಲೆ ಹಿತ್ತಾಳೆಯ ಲೇಪ. ಇದು ಕಾಲವನ್ನು ಹೇಳಲಿಲ್ಲ, ದರ್ಜೆಯನ್ನು ಹೇಳಿತು: ಇದು ಶ್ರೀಮಂತರ ದುಬಾರಿ ಟ್ರಂಕಲ್ಲ, ಸಾಧಾರಣ ಪ್ರಯಾಣಿಕನದು.

ನಡುವಿನ ಬೀಗದ ತಗಡಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿತ್ತು. ವಸ್ತುವಿನ ಮೇಲೆ ದೇಶದ ಹೆಸರು ಹಾಕುವ ರೂಢಿ ಬ್ರಿಟನ್ನಿನ 1887ರ ಸರಕು ಗುರುತು ಕಾಯ್ದೆ ಮತ್ತು ಭಾರತದ 1889ರ ಅಂಥದೇ ಕಾಯ್ದೆಯ ನಂತರ ಹರಡಿತು. ಆದ್ದರಿಂದ ಬೀಗ ಅದಕ್ಕಿಂತ ಹಳೆಯದಾಗಿರುವ ಸಂಭವ ತೀರ ಕಡಿಮೆ. ಮೇಲಿನ ಗಡಿಯನ್ನು ಈ ಅಕ್ಷರಗಳು ಕೊಡುವುದಿಲ್ಲ. ಕೆಲವು ಬೀಗಗಳ ಮೇಲೆ ಪೇಟೆಂಟ್ ವರ್ಷವೇ ಅಚ್ಚಾಗಿರುತ್ತದೆ. ಅದು ವಿನ್ಯಾಸಕ್ಕೆ ಹಕ್ಕು ಸಿಕ್ಕ ವರ್ಷ. ಅದೇ ಬೀಗವನ್ನು ಮುಂದೆ ಇಪ್ಪತ್ತು ಮೂವತ್ತು ವರ್ಷ ತಯಾರಿಸಿರಬಹುದು, ಹಾಗಾಗಿ ಅದನ್ನೂ ‘ಇದಕ್ಕಿಂತ ಮೊದಲು ಅಲ್ಲ’ ಎಂದೇ ಓದಬೇಕು.

ಬೀಗದ ತಗಡು ಮೊದಲಿನದೇ ಎಂದು ಹೇಗೆ ಗೊತ್ತು? ತಗಡಿನ ಅಂಚಿನ ಸುತ್ತ ಬೇರೆ ಗಾತ್ರದ ಮಾಸಿದ ಗುರುತಾಗಲಿ, ಖಾಲಿ ತೂತಾಗಲಿ ಇರಲಿಲ್ಲ. ಹಿಂಬದಿಯ ಬಲ ತಿರುಗಣಿಯ ಸುತ್ತ ಎರಡೂ ಇದ್ದವು: ಸ್ವಲ್ಪ ದೊಡ್ಡ ತಿರುಗಣಿಯ ನೆರಳು, ಮುಚ್ಚಿದ ಎರಡು ತೂತು. ಅದಕ್ಕೆ ಹಾಕಿದ್ದು ತಲೆಯಲ್ಲಿ ಕೂಡಿಸುವ ಗುರುತಿರುವ ಪ್ಲಸ್ ಸ್ಕ್ರೂ. ಉಳಿದೆಡೆ ಒಂದೇ ಗೀರಿನ ಸ್ಕ್ರೂಗಳಿದ್ದವು. ಪ್ಲಸ್ ಸ್ಕ್ರೂ ಮಾರುಕಟ್ಟೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ, ಅಮೆರಿಕದಲ್ಲಿ. ನಮ್ಮ ಹಳ್ಳಿಗಳ ರಿಪೇರಿಗೆ ಅದು ಬಳಕೆಯಾದದ್ದು ಬಹಳ ತಡವಾಗಿ. ಹೀಗೆ ಎಡ ತಿರುಗಣಿ ಹುಟ್ಟಿನದು, ಬಲ ತಿರುಗಣಿ ರಿಪೇರಿಯದು ಎಂದು ಗುಂಪು ಬರೆಯಿತು. ಮುಚ್ಚಳಕ್ಕೆ ನೇತುಹಾಕಿದ್ದ ಗೋದ್ರೆಜ್ ಬೀಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದೆ. ತೆಗೆದು ಹಾಕುವ ಬೀಗ ಇವತ್ತು ಟ್ರಂಕಿಗೆ, ನಾಳೆ ಬಾಗಿಲಿಗೆ.

ಎರಡನೆಯ ಗುಂಪು: ಬಣ್ಣ ಮತ್ತು ಲೇಬಲ್ಲು

ಟ್ರಂಕಿನ ಹೊರಮೈಗೆ ದಟ್ಟ ಹಸಿರು ಬಣ್ಣ ಬಳಿದಿತ್ತು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಯಾತ್ರಿಕರ ಹೆಸರು, ಊರು, ಕೆಳಗೆ ‘ತಾಲ್ಲೂಕ್ ಜೇವರ್ಗಿ, ಡಿಸ್ಟ್ರಿಕ್ಟ್ ಗುಲ್ಬರ್ಗಾ, ಮೈಸೂರ್ ಸ್ಟೇಟ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ತರಗತಿಗೆ ಇಲ್ಲೇ ದೊಡ್ಡ ಸುಳಿವು ಸಿಕ್ಕಿತು. ನಮ್ಮ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಆಮೇಲೆ ಹೈದರಾಬಾದ್ ರಾಜ್ಯವಾಗಿ ಮುಂದುವರಿಯಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಜೇವರ್ಗಿಯ ಮುಂದೆ ‘ಮೈಸೂರ್ ಸ್ಟೇಟ್’ ಎಂದು 1956ರ ನವೆಂಬರಿಗಿಂತ ಮೊದಲು ಯಾರೂ ಬರೆಯಲಾರರು. ಇದು ಗಟ್ಟಿ ಗಡಿ. 1973ರ ನಂತರವೂ ರೂಢಿಯಿಂದ ಹಾಗೆ ಬರೆದಿರಬಹುದು, ಹಾಗಾಗಿ ಅದು ಸಡಿಲ ಗಡಿ. ವಿಳಾಸದಲ್ಲಿ ಪಿನ್ ಕೋಡ್ ಇರಲಿಲ್ಲ. ಪಿನ್ ಕೋಡ್ ಜಾರಿಯಾದದ್ದು 1972ರ ಆಗಸ್ಟ್ 15ರಂದು. ಇಲ್ಲದಿರುವುದು ಸಾಕ್ಷಿಯೇ ಎಂದು ಕೇಳಿದಾಗ ಮಕ್ಕಳೇ ಅಂಗಡಿ ಬೋರ್ಡಿನ ಉದಾಹರಣೆ ನೆನಪಿಸಿಕೊಂಡು ‘ಅಷ್ಟು ಗಟ್ಟಿ ಅಲ್ಲ’ ಎಂದರು.

ಮುಚ್ಚಳದ ಮೇಲೆ, ಹಸಿರು ಬಣ್ಣದ ಮೇಲೆಯೇ, ಅರ್ಧ ಹರಿದ ಒಂದು ಲೇಬಲ್ಲು ಇತ್ತು. ‘ಮೊಗಲ್ ಲೈನ್’, ‘ಜೆಡ್ಡಾ’ ಎಂಬ ಎರಡು ಪದ ಓದಲು ಬರುತ್ತಿದ್ದವು, ಹಡಗಿನ ಹೆಸರಿನ ಭಾಗ ಹರಿದುಹೋಗಿತ್ತು. ಮುಂಬೈಯಿಂದ ಜೆಡ್ಡಾಕ್ಕೆ ಹಜ್ ಯಾತ್ರಿಕರನ್ನು ಒಯ್ಯುತ್ತಿದ್ದ ಮುಖ್ಯ ಹಡಗು ಕಂಪನಿ ಇದು. 1986ರಲ್ಲಿ ಇದು ಸರ್ಕಾರದ ಶಿಪ್ಪಿಂಗ್ ಕಾರ್ಪೊರೇಷನ್ನಿನಲ್ಲಿ ವಿಲೀನವಾಯಿತು, 1995ರಲ್ಲಿ ಭಾರತದಿಂದ ಸಮುದ್ರಮಾರ್ಗದ ಹಜ್ ಯಾತ್ರೆಯೇ ನಿಂತಿತು. ಲೇಬಲ್ಲು ಬಣ್ಣದ ಮೇಲಿರುವುದರಿಂದ ಮೊದಲು ಬಣ್ಣ, ವಿಳಾಸ, ನಂತರ ಹಡಗು. ಅಂದರೆ ಈ ಹಜ್ ಯಾತ್ರೆ ನಡೆದದ್ದು 1956ರ ನಂತರ. ನಿಜಾಮರ ಕಾಲದಲ್ಲಿ ಅಲ್ಲ.

ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಪಕ್ಕದ ಹಲಗೆಯಲ್ಲಿ ಹಸಿರು ಬಣ್ಣ ಉದುರಿದ ಜಾಗ ತೋರಿಸಿದಳು. ಅಲ್ಲಿ ಬಣ್ಣದ ಕೆಳಗಿನಿಂದ ಇನ್ನೊಂದು ಕಾಗದದ ಅಂಚು ಇಣುಕುತ್ತಿತ್ತು. ಭೂತಗನ್ನಡಿಯಲ್ಲಿ ‘ಜಿ.ಐ.ಪಿ.’, ‘ಬಾಂಬೆ ವಿ.ಟಿ.’, ‘ಪೂನಾ’ ಎಂದು ಓದಿದೆವು. ಜಿ.ಐ.ಪಿ. ಎಂದರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ನಮ್ಮ ಕಲಬುರಗಿ, ವಾಡಿಗಳ ಮೂಲಕ ಮುಂಬೈಗೆ ಹೋಗುವ ಹಳಿಯನ್ನು ಹಾಕಿದ ಕಂಪನಿ. 1951ರ ನವೆಂಬರಿನಲ್ಲಿ ಅದು ಸೆಂಟ್ರಲ್ ರೈಲ್ವೆಯಾಯಿತು. ಉಳಿದ ಹಳೆಯ ಲೇಬಲ್ಲುಗಳನ್ನು ನಂತರವೂ ಕೆಲಕಾಲ ಬಳಸಿರಬಹುದು, ಆದರೂ ಅದು ಹಸಿರು ಬಣ್ಣಕ್ಕಿಂತ ಹಳೆಯದು ಎಂಬುದರಲ್ಲಿ ಸಂಶಯವಿಲ್ಲ.

ಕೊನೆಗೆ ಟಾರ್ಚನ್ನು ಮೈಗೆ ತಾಗುವಂತೆ ಓರೆಯಾಗಿ ಹಿಡಿದೆವು. ನೇರ ಬೆಳಕಿನಲ್ಲಿ ಕಾಣದ ಉಬ್ಬು ಓರೆ ಬೆಳಕಿನಲ್ಲಿ ನೆರಳು ಬಿಡುತ್ತದೆ. ಹಸಿರು ಬಣ್ಣದ ಕೆಳಗೆ ಮೂರು ದೊಡ್ಡ ಇಂಗ್ಲಿಷ್ ಅಕ್ಷರಗಳು ಎದ್ದು ಕಂಡವು. ಯಾರದೋ ಹೆಸರಿನ ಮೊದಲಕ್ಷರಗಳು. ಆ ಮನೆಯ ಯಾರ ಹೆಸರಿಗೂ ಅವು ಹೊಂದಲಿಲ್ಲ.

ಮೂರನೆಯ ಗುಂಪು: ಒಳಗಿನ ಹೊದಿಕೆ

ಒಳಗೆ ಹೂವಿನ ಚಿತ್ರದ ಕಾಗದ ಅಂಟಿಸಿತ್ತು, ಹರಿದಲ್ಲಿ ಅದರ ಕೆಳಗೆ ಉರ್ದು ಪತ್ರಿಕೆಯ ಹಾಳೆ. ಉರ್ದು ಓದಬಲ್ಲ ವಿದ್ಯಾರ್ಥಿನಿಯೊಬ್ಬಳು ಪುಟದ ತಲೆಯಲ್ಲಿ ‘ಸಿಯಾಸತ್’ ಎಂದಿದೆ ಎಂದಳು. ಹೈದರಾಬಾದಿನ ಈ ಪತ್ರಿಕೆ ಶುರುವಾದದ್ದು 1949ರ ಆಗಸ್ಟಿನಲ್ಲಿ. ಇನ್ನೊಂದು ತುಂಡಿನ ಜಾಹೀರಾತಿನಲ್ಲಿ ಬೆಲೆ ‘ನಯೇ ಪೈಸೆ’ ಲೆಕ್ಕದಲ್ಲಿತ್ತು. ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹೋಗಿ ನೂರು ನಯೇ ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು, ‘ನಯೇ’ ಎಂಬ ಪದವನ್ನು ಕೈಬಿಟ್ಟದ್ದು 1964ರ ಜೂನ್ 1ರಂದು. ಆ ಹಾಳೆ ಅಚ್ಚಾದದ್ದು ಈ ಏಳು ವರ್ಷಗಳಲ್ಲಿ ಎಂದು ನಂಬಬಹುದು. ರದ್ದಿ ಪೇಪರು ಮನೆಯಲ್ಲಿ ಕೆಲವು ತಿಂಗಳು ಬಿದ್ದಿರಬಹುದು, ಹತ್ತಾರು ವರ್ಷ ಉಳಿಯುವುದು ಅಪರೂಪ.

ಇಲ್ಲಿ ತಪ್ಪು ತೀರ್ಮಾನಕ್ಕೆ ದಾರಿ ಸುಲಭ. ಒಳಗೆ 1957ರ ನಂತರದ ಪತ್ರಿಕೆ ಇದ್ದರೆ ಟ್ರಂಕೂ ಆಗಿನದೇ ಎಂದು ಒಂದು ಗುಂಪು ಬರೆಯಿತು. ನಾನು ಸರಿ ತಪ್ಪು ಹೇಳದೆ, ಒಳಗಿನ ಎರಡು ಕಟ್ಟಿಗೆಯ ಪಟ್ಟಿಗಳನ್ನು ನೋಡಲು ಹೇಳಿದೆ. ಟ್ರಂಕಿನೊಳಗೆ ಮೇಲಿನ ತಟ್ಟೆ ಕೂರಿಸಲು ಎರಡೂ ಬದಿ ಇಂಥ ಪಟ್ಟಿ ಹೊಡೆದಿರುತ್ತಾರೆ. ಹೊದಿಕೆ ಹುಟ್ಟಿನದಾದರೆ ಅದು ಪಟ್ಟಿಯ ಕೆಳಗೂ ಹಾಯ್ದಿರುತ್ತದೆ, ಏಕೆಂದರೆ ಕಾರ್ಖಾನೆಯಲ್ಲಿ ಮೊದಲು ಹೊದಿಕೆ ಅಂಟಿಸಿ ಆಮೇಲೆ ಪಟ್ಟಿ ಹೊಡೆಯುತ್ತಾರೆ. ಈ ಟ್ರಂಕಿನಲ್ಲಿ ಹೂವಿನ ಕಾಗದವೂ ಪತ್ರಿಕೆಯೂ ಪಟ್ಟಿಯ ಅಂಚಿಗೆ ಬಂದು ಕತ್ತರಿಸಿ ನಿಂತಿದ್ದವು. ಪಟ್ಟಿಯ ಕೆಳಗಿನ ಸಂದಿಯಲ್ಲಿ ಟಾರ್ಚು ಬಿಟ್ಟಾಗ ನೀಲಿ ಗೀರಿನ ಬಟ್ಟೆಯ ಒಂದು ಅಂಚು ಕಂಡಿತು. ಅದೇ ಹುಟ್ಟಿನ ಹೊದಿಕೆ. ಅದು ಹಾಳಾದ ಮೇಲೆ ಯಾರೋ ಕಿತ್ತು, ಪತ್ರಿಕೆ ಅಂಟಿಸಿ, ಮೇಲೆ ಹೂವಿನ ಕಾಗದ ಹಾಕಿದ್ದಾರೆ. ಗುಂಪು ತನ್ನ ವಾಕ್ಯವನ್ನು ತಾನೇ ತಿದ್ದಿತು: ‘ಟ್ರಂಕು’ ಎಂದಿದ್ದಲ್ಲಿ ‘ಒಳಗಿನ ಕಾಗದ’ ಎಂದು ಬರೆಯಿತು.

ಕೂಡಿಸಿ ಓದುವುದು

ಎರಡನೆಯ ತರಗತಿಯಲ್ಲಿ ಮೂರೂ ಗುಂಪಿನ ಫಲವನ್ನು ಕಪ್ಪುಹಲಗೆಯ ಮೇಲೆ ಕಾಲರೇಖೆಯಾಗಿ ಬರೆದೆವು. ಟ್ರಂಕು ತಯಾರಾದದ್ದು 1889ರ ನಂತರ, ಜಿ.ಐ.ಪಿ. ಲೇಬಲ್ಲು ಅಂಟುವ ಮೊದಲು, ಅಂದರೆ ಬಹುಶಃ 1951ರೊಳಗೆ. ಇಷ್ಟು ಅಗಲದ ಗಡಿಯನ್ನು ಇನ್ನೂ ಕಿರಿದು ಮಾಡುವ ಆಧಾರ ನಮ್ಮ ಕೈಯಲ್ಲಿ ಇರಲಿಲ್ಲ, ಹಾಗಾಗಿ ಕಿರಿದು ಮಾಡಲಿಲ್ಲ. ಅದರ ಮೊದಲ ಒಡೆಯರು ಈ ಮನೆಯವರಲ್ಲ, ಮುಂಬೈ-ಪುಣೆ ನಡುವೆ ಓಡಾಡಿದ ಬೇರೆ ಯಾರೋ. ನಂತರ ಅದು ಕೈ ಬದಲಾಯಿಸಿತು. 1957ರಿಂದ 1964ರ ಆಸುಪಾಸಿನಲ್ಲಿ ಒಳಗೆ ಹೊಸ ಕಾಗದ, ಹೊರಗೆ ಹಸಿರು ಬಣ್ಣ ಮತ್ತು ಮೈಸೂರು ರಾಜ್ಯದ ವಿಳಾಸ, ಅದರ ಮೇಲೆ ಜೆಡ್ಡಾದ ಲೇಬಲ್ಲು. ಒಳಗಿನ ಕಾಗದವೂ ಹೊರಗಿನ ಬಣ್ಣವೂ ಒಂದೇ ಸಲದ ಕೆಲಸ ಎಂಬುದಕ್ಕೆ ಒಂದು ಪುರಾವೆ ಇತ್ತು: ಬಾಯಂಚಿನಲ್ಲಿ ಹಸಿರು ಬಣ್ಣದ ಹನಿಗಳು ಹೂವಿನ ಕಾಗದದ ಮೇಲೆ ಬಿದ್ದಿದ್ದವು, ಕಾಗದ ಆಗ ಹೊಸದಾಗಿದ್ದರಿಂದ ಹನಿಯ ಕೆಳಗೆ ಮಾತ್ರ ಅದರ ಮೂಲ ಗುಲಾಬಿ ಬಣ್ಣ ಉಳಿದಿತ್ತು.

ಮೌಖಿಕ ಆಧಾರದ ಸರದಿ ಬಂದದ್ದು ಇದರ ನಂತರ. ಮೊದಲೇ ಕೇಳಿದ್ದರೆ ಮಕ್ಕಳು ಕೇಳಿದ್ದನ್ನೇ ಟ್ರಂಕಿನಲ್ಲಿ ಕಾಣುತ್ತಿದ್ದರು. ಮನೆಯ ಹಿರಿಯ ಅಜ್ಜಿ, ಯಾತ್ರಿಕರ ಮಗಳು, ವರ್ಷ ಹೇಳಲಿಲ್ಲ. ‘ನಮ್ಮ ತಮ್ಮ ಹುಟ್ಟಿದ ವರ್ಷ ಅಬ್ಬಾ ಹೋಗಿದ್ರು’ ಎಂದರು. ಆ ತಮ್ಮ ಎಂದರೆ ವಿದ್ಯಾರ್ಥಿಯ ಮುತ್ಯಾ. ಅವರ ಶಾಲಾ ದಾಖಲೆಯಲ್ಲಿ ಜನ್ಮದಿನ 1961ರ ಜೂನ್ 1 ಎಂದಿದೆ. ಜೂನ್ 1 ಶಾಲೆಗೆ ಸೇರಿಸುವಾಗ ಗುರುಗಳು ಹಾಕಿದ ಅಂದಾಜು ದಿನ ಎಂಬುದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿ ವರ್ಷದಲ್ಲೂ ಒಂದೆರಡು ಹಿಂದೆ ಮುಂದೆ ಇರಬಹುದು. ಆದರೂ ಅದು ನಯೇ ಪೈಸೆಯ ಏಳು ವರ್ಷಗಳ ನಡುವೆಯೇ ಬೀಳುತ್ತದೆ. ಒಂದನ್ನೊಂದು ಅರಿಯದ ಎರಡು ಆಧಾರಗಳು ಒಂದೇ ಕಡೆ ಬೆರಳು ತೋರಿದವು.

ವಿದ್ಯಾರ್ಥಿ ಕೇಳಿದ ಪ್ರಶ್ನೆ

ಕಾಲರೇಖೆ ಮುಗಿದ ಮೇಲೆ ಆ ಮನೆಯ ಹುಡುಗ ಎದ್ದು ಕೇಳಿದ: ‘ಹಂಗಾದ್ರ ನಮ್ಮ ಮನ್ಯಾಗ ಎಲ್ಲಾರೂ ಸುಳ್ಳು ಹೇಳ್ಯಾರೇನ್ರಿ ಟೀಚರ್?’ ಈ ಚಟುವಟಿಕೆಯಲ್ಲಿ ಶಿಕ್ಷಕರು ಅತಿ ಎಚ್ಚರದಿಂದ ಉತ್ತರಿಸಬೇಕಾದ ಜಾಗ ಇದು. ‘ಹಾಗೇನಿಲ್ಲ, ಅವರು ಹೇಳಿದ್ದೂ ಸರಿ’ ಎಂದು ತೇಲಿಸಿದರೆ ಎರಡು ದಿನದ ಪಾಠ ಸುಳ್ಳಾಗುತ್ತದೆ. ‘ಹೌದು, ತಪ್ಪು’ ಎಂದು ಮುಗಿಸಿದರೆ ಮಗು ಮನೆಗೆ ತಲೆ ತಗ್ಗಿಸಿ ಹೋಗುತ್ತದೆ, ಮುಂದೆ ಯಾವ ಮನೆಯವರೂ ಟ್ರಂಕಿನ ಮುಚ್ಚಳ ತೆರೆಯುವುದಿಲ್ಲ.

ನಾನು ಮನೆಯವರ ಮಾತನ್ನೂ ಒಂದು ಆಧಾರವಾಗಿ ಇಟ್ಟು ಭಾಗ ಮಾಡಲು ತರಗತಿಗೆ ಹೇಳಿದೆ. ಅದರಲ್ಲಿ ನಾಲ್ಕು ಸಂಗತಿಗಳಿವೆ: ಯಾತ್ರೆಗೆ ಹೋದರು, ಹಡಗಿನಲ್ಲಿ ಹೋದರು, ಈ ಟ್ರಂಕು ಒಯ್ದರು, ನಿಜಾಮನ ಕಾಲದಲ್ಲಿ ಹೋದರು. ಮೊದಲ ಮೂರಕ್ಕೂ ಟ್ರಂಕೇ ಸಾಕ್ಷಿ ಹೇಳಿತು. ನಾಲ್ಕನೆಯದು ಮಾತ್ರ ಹೊಂದಲಿಲ್ಲ. ನಮ್ಮ ಹಳ್ಳಿಗಳಲ್ಲಿ ‘ನಿಜಾಮನ ಕಾಲ’ ಎಂದರೆ ಇಸವಿಯಲ್ಲ, ‘ಬಹಳ ಹಿಂದೆ’ ಎಂಬುದಕ್ಕೆ ಬಳಸುವ ಮಾತು. ಮಕ್ಕಳೇ ತಮ್ಮ ಮನೆಗಳಲ್ಲಿ ಅದನ್ನು ಯಾವುದಕ್ಕೆಲ್ಲ ಬಳಸುತ್ತಾರೆಂದು ಪಟ್ಟಿ ಮಾಡಿದರು: ಬಾವಿ, ಬೇವಿನ ಮರ, ಒಡೆದ ಒರಳು. ಮೌಖಿಕ ಆಧಾರ ನಡೆದದ್ದನ್ನು ಬಲವಾಗಿ ಹಿಡಿದಿಡುತ್ತದೆ, ವರ್ಷವನ್ನು ಸಡಿಲವಾಗಿ ಹಿಡಿದಿಡುತ್ತದೆ ಎಂಬುದು ತರಗತಿ ತಾನೇ ಬರೆದುಕೊಂಡ ವಾಕ್ಯ.

ಹಳೆಯ ಮೂರಕ್ಷರಗಳ ಸಂಗತಿಯನ್ನು ಮನೆಯವರಿಗೆ ನಾನೇ ಹೋಗಿ ಹೇಳಿದೆ. ಟ್ರಂಕು ಬೇರೆಯವರ ಕೈಯಿಂದ ಬಂದದ್ದು ಎಂದಾಗ ಅಜ್ಜಿ ನಕ್ಕು, ‘ಹೊಸಾದು ತಗೊಳ್ಳಾಕ ರೊಕ್ಕ ಎಲ್ಲಿತ್ತವ್ವಾ? ಹಡಗಿನ ಟಿಕೀಟಿಗೇ ಹೊಲ ಒತ್ತಿ ಹಾಕಿದ್ರು’ ಎಂದರು. ಇದು ನಮ್ಮ ಯಾವ ಲೇಬಲ್ಲಿನಲ್ಲಿಯೂ ಇರದ ಸಂಗತಿ. ಲೇಪದ ಹಿತ್ತಾಳೆ, ಹಳೆಯ ಟ್ರಂಕು, ಪತ್ರಿಕೆಯ ಹೊದಿಕೆ, ಈ ಮೂರೂ ಏಕೆ ಹಾಗಿವೆ ಎಂಬುದಕ್ಕೆ ಆ ಒಂದು ಮಾತು ಕಾರಣ ಕೊಟ್ಟಿತು.

ಮೌಲ್ಯಮಾಪನ ಮತ್ತು ಬೇರೆ ಊರುಗಳಲ್ಲಿ ಬಳಕೆ

ಮೌಲ್ಯಮಾಪನಕ್ಕೆ ಲಿಖಿತ ಪ್ರಶ್ನೆ ಒಂದೇ ಕೊಟ್ಟೆ: ‘ನಿಮ್ಮ ಮನೆಯ ಒಂದು ಪೆಟ್ಟಿಗೆಯ ಬಗ್ಗೆ ಮೂರು ವಾಕ್ಯ ಬರೆಯಿರಿ. ಪ್ರತಿ ವಾಕ್ಯದ ಮುಂದೆ ಅದು ಗಟ್ಟಿಯೋ ಸಡಿಲವೋ ಎಂದು ಗುರುತಿಸಿ, ಕಾರಣ ಕೊಡಿ.’ ವರ್ಷ ಸರಿಯೇ ಎಂಬುದಕ್ಕೆ ಅಂಕ ಇಡಲಿಲ್ಲ. ಕಾರಣಕ್ಕೆ ಮತ್ತು ಗಟ್ಟಿ-ಸಡಿಲದ ಗುರುತಿಗೆ ಮಾತ್ರ ಅಂಕ.

ಹಡಗಿನ ಟ್ರಂಕು ಎಲ್ಲ ಊರಲ್ಲಿ ಸಿಗುವುದಿಲ್ಲ. ತಗಡಿನ ಟ್ರಂಕಿನಲ್ಲಿ ಲೋಹದ ಭಾಗಗಳು ಕಡಿಮೆ ಹೇಳುತ್ತವೆ, ಏಕೆಂದರೆ ಒಂದೇ ಮಾದರಿಯನ್ನು ಊರಿನ ತಗಡು ಕೆಲಸದವರು ಇಂದಿಗೂ ಮಾಡುತ್ತಾರೆ. ಅಲ್ಲಿ ಬರೆದ ವಿಳಾಸವನ್ನು ಮೊದಲು ಓದಿಸಿ: ರಾಜ್ಯದ ಹೆಸರು, ಪಿನ್ ಕೋಡ್, ಗುಲ್ಬರ್ಗಾ ಎಂದಿದೆಯೋ 2014ರ ನಂತರ ಅಧಿಕೃತವಾದ ಕಲಬುರಗಿ ಎಂದಿದೆಯೋ. ನಂತರ ತಳಕ್ಕೆ ಹಾಸಿದ ಪತ್ರಿಕೆ. ತಳದ ಹಾಳೆ ಬಿಡಿಯಾಗಿ ಹಾಸಿದ್ದಾದರೆ ವರ್ಷವರ್ಷವೂ ಬದಲಾಗಿರುತ್ತದೆ, ಮುಚ್ಚಳದ ಒಳಗೆ ಅಂಟಿಸಿದ್ದಾದರೆ ಹೆಚ್ಚು ನಂಬಬಹುದು. ಟ್ರಂಕು ಗುಜರಿಗೆ ಹೋಗುವ ಮೊದಲು ಈ ಎರಡರ ಫೋಟೋ ತೆಗೆದಿಡಲು ಮಕ್ಕಳಿಗೆ ಹೇಳಿ. ಗುಜರಿಯವರು ತಗಡನ್ನು ತೂಕಕ್ಕೆ ಕೊಳ್ಳುತ್ತಾರೆ, ಒಳಗಿನ ಕಾಗದವನ್ನು ಅಂಗಡಿಯ ಮುಂದೆಯೇ ಕಿತ್ತು ಎಸೆಯುತ್ತಾರೆ.